ಬಾಲಯಾಜ್ ಮಾಡಹೋದರೆ ಕೂದಲನ್ನು ಬಕೆಟ್‌ನಲ್ಲಿ ಅದ್ದಿದ ಹಾಗಾಗುತ್ತಿದೆ. ಮಾಸ್ಕ್ ಎಳೆಯ ದಿಕ್ಕಿನಲ್ಲಿ ಹೋಗಬೇಕಾದರೆ ಏನು ಮಾಡಬೇಕು?

ಪದರಪುಟ್ಟ

ಮೂರು ಸಂಜೆಯಿಂದ ಒಂದೇ ಫೋಟೋ ಮುಂದೆ ಕೂತಿದ್ದೇನೆ. ಕಪ್ಪು ಕೂದಲು, ಅಲೆಅಲೆಯಾಗಿದೆ, ಎದೆಯವರೆಗೆ ಉದ್ದ. ತಲೆ ಸ್ವಲ್ಪ ಬಲಕ್ಕೆ ವಾಲಿದೆ. ಎಡಗಡೆಯ ಕೂದಲು ಮುಂದಕ್ಕೆ ಬಿದ್ದಿದೆ, ಬಲಗಡೆಯದು ಭುಜದ ಹಿಂದಕ್ಕೆ ಹೋಗಿದೆ. ಇದಕ್ಕೆ ಕ್ಯಾರಮೆಲ್ ಬಣ್ಣದ ಬಾಲಯಾಜ್ ಕೊಡಬೇಕು.

ಮಾಡಿದ್ದು ಇಷ್ಟು. ಫೋಟೋಶಾಪ್‌ನಲ್ಲಿ ಬಣ್ಣದ ಲೇಯರ್ ಒಂದು, ಅದರ ಮೋಡ್ `Color`. ಮಾಸ್ಕ್ ಹಾಕಿ, ಕಿವಿಯ ಹತ್ತಿರದಿಂದ ಕೆಳಕ್ಕೆ ಕಪ್ಪಿನಿಂದ ಬಿಳಿಗೆ ಗ್ರೇಡಿಯೆಂಟ್ ಎಳೆದೆ. ಬಂದದ್ದು ನೋಡಿದರೆ ಕೂದಲಿಗೆ ಬಣ್ಣ ಹಾಕಿದ ಹಾಗಿಲ್ಲ. ಅರ್ಧ ಫೋಟೋ ಮೇಲೆ ಕಂದು ಗಾಜು ಇಟ್ಟ ಹಾಗಿದೆ. ಬಣ್ಣವೂ ಕ್ಯಾರಮೆಲ್ ಅಲ್ಲ, ಮಾಸಿದ ಕಂದು.

ಎಲ್ಲಕ್ಕಿಂತ ವಿಚಿತ್ರ ಅಂದರೆ ಎಡಗಡೆಯ ಮೂರನೇ ಜೊಂಪೆ. ಅದು ಕಿವಿಯಿಂದ ಇಳಿದು, ಕಾಲರ್ ಮೂಳೆಯ ಹತ್ತಿರ ತಿರುಗಿ, ತುದಿ ಮತ್ತೆ ಮೇಲಕ್ಕೆ ಎದ್ದಿದೆ. ಅದರ ತುದಿ ಕಪ್ಪಾಗಿದೆ, ತಿರುವು ಮಾತ್ರ ತಿಳಿಯಾಗಿದೆ. ಯಾವ ಸಲೂನ್‌ನಲ್ಲಿ ಹೀಗೆ ಬಣ್ಣ ಹಾಕ್ತಾರೆ ಹೇಳಿ?

ಹಳೇಮೌಸ್

ಗ್ರೇಡಿಯೆಂಟ್ ನೇರ ಎಳೆದಿದ್ದೀರಿ, ಅದೇ ತಪ್ಪು. ತಲೆ ವಾಲಿದ ಕಡೆಗೇ ಗ್ರೇಡಿಯೆಂಟನ್ನೂ ವಾಲಿಸಿ. ಆಮೇಲೆ ಅಂಚು ಕಾಣಿಸಿದ ಕಡೆ ಮೆತ್ತನೆ ಬ್ರಷ್‌ನಲ್ಲಿ ಒಂದು ಸಲ ಒರೆಸಿದರೆ ಮುಗೀತು. ನಾನು ಹತ್ತು ವರ್ಷದಿಂದ ಹಾಗೇ ಮಾಡೋದು.

ಇಲ್ಲಾಂದ್ರೆ ಗ್ರೇಡಿಯೆಂಟ್ ಮ್ಯಾಪ್ ಹಾಕಿ. ಕಪ್ಪು, ಕಂದು, ಕ್ಯಾರಮೆಲ್ ಅಂತ ಮೂರು ಬಣ್ಣ ಕೊಟ್ಟರೆ ಅದೇ ಕೂದಲ ಮೇಲೆ ಹರಡಿಕೊಳ್ಳುತ್ತೆ. ಮಾಸ್ಕ್ ತಲೆನೋವೇ ಬೇಡ.

ನೆರಳುಬೆಳಕು

ಹಳೇಮೌಸ್ ಅವರು ವಾಲಿಸಿ ಅಂದಿದ್ದು ಅರ್ಧ ಸರಿ. ನೆಟ್ಟಗಿನ ಕೂದಲಿಗೆ, ಎಲ್ಲಾ ಎಳೆ ಒಂದೇ ಕಡೆ ಹೋಗುವಾಗ, ಅಷ್ಟೇ ಸಾಕು. ಈ ಫೋಟೋದಲ್ಲಿ ಎಡಗಡೆಯದು ಒಂದು ದಿಕ್ಕು, ಬಲಗಡೆಯದು ಇನ್ನೊಂದು ದಿಕ್ಕು. ಒಂದೇ ಗ್ರೇಡಿಯೆಂಟನ್ನು ಎರಡು ಕಡೆಗೂ ಹೇಗೆ ವಾಲಿಸ್ತೀರಿ?

ಗ್ರೇಡಿಯೆಂಟ್ ಮ್ಯಾಪ್ ಮಾತ್ರ ಇಲ್ಲಿ ಬೇಡ. ಹೆಸರು ಕೇಳಿ ಮೋಸ ಹೋಗಬಾರದು. ಅದು ನೋಡೋದು ಬುಡ ಎಲ್ಲಿ, ತುದಿ ಎಲ್ಲಿ ಅಂತಲ್ಲ, ಎಷ್ಟು ಬೆಳಕಿದೆ ಅಂತ. ನೆತ್ತಿಯ ಮೇಲೆ ಹೊಳಪು ಬಿದ್ದಿದ್ದರೆ ಅಲ್ಲಿ ಕ್ಯಾರಮೆಲ್ ಬರುತ್ತೆ, ತುದಿ ನೆರಳಲ್ಲಿದ್ದರೆ ಅಲ್ಲಿ ಕಪ್ಪೇ ಉಳಿಯುತ್ತೆ.

ಪದರಪುಟ್ಟ ಅವರೇ, ನಿಮ್ಮ ಮೂರನೇ ಜೊಂಪೆಯಲ್ಲೇ ಉತ್ತರ ಇದೆ. ನಿಮ್ಮ ಗ್ರೇಡಿಯೆಂಟ್ ಅಳೆದದ್ದು ಫೋಟೋದಲ್ಲಿ ಎಷ್ಟು ಕೆಳಗಿದೆ ಅನ್ನೋದನ್ನ. ಅಳೆಯಬೇಕಾದದ್ದು ಎಳೆಯ ಮೇಲೆ ನಡೆದರೆ ಬುಡದಿಂದ ಎಷ್ಟು ದೂರ ಅನ್ನೋದನ್ನ. ಕೂದಲು ನೆಟ್ಟಗಿದ್ದರೆ ಎರಡೂ ಒಂದೇ. ಜೊಂಪೆ ಮೇಲಕ್ಕೆ ತಿರುಗಿದ ತಕ್ಷಣ ಬೇರೆಯಾಗುತ್ತೆ. ತುದಿಯು ತಿರುವಿಗಿಂತ ಮೇಲಿದೆ, ಅದಕ್ಕೇ ಅದಕ್ಕೆ ಕಡಿಮೆ ಬಣ್ಣ ಸಿಕ್ಕಿತು.

ಮಾಸಿದ ಕಂದು ಬೇರೆಯೇ ಕಾಯಿಲೆ. ಅದಕ್ಕೆ ರಾತ್ರಿ ಬರೆಯುತ್ತೇನೆ.

ಹೆರಳು

ನನಗೂ ಇದೇ ತೊಂದರೆ! ಹೋದ ತಿಂಗಳು ಬಾಲಯಾಜ್ ಮಾಡಿಸಿದೆ, ತುದಿಯೆಲ್ಲ ಕಿತ್ತಳೆ ಆಗಿದೆ. ನೇರಳೆ ಶಾಂಪೂ ಮೂರು ಸಲ ಹಾಕಿದೆ, ಏನೂ ಆಗಲಿಲ್ಲ. ನೀವು ಹೇಳ್ತಿರೋ ಈ ಮಾಸ್ಕ್ ವಾರಕ್ಕೆ ಎಷ್ಟು ಸಲ ಹಾಕಬೇಕು? ಬುಡದಿಂದ ಹಾಕಬೇಕಾ, ತುದಿಗೆ ಮಾತ್ರವಾ?

ಕತ್ತರಿಕೈ

ಹೆರಳು ಅವರೇ, ಇವರು ಹೇಳ್ತಿರೋದು ಫೋಟೋಗೆ ಹಾಕೋ ಮಾಸ್ಕ್, ತಲೆಗಲ್ಲ 😄 ಆದರೂ ಕೇಳಿದ್ದಕ್ಕೆ ಹೇಳ್ತೀನಿ. ನೇರಳೆ ಕತ್ತರಿಸೋದು ಹಳದಿಯನ್ನ. ಕಿತ್ತಳೆಗೆ ಎದುರು ನೀಲಿ. ನೀಲಿ ಬಣ್ಣವಿರೋ ಶಾಂಪೂ ಅಥವಾ ಟೋನರ್ ಬೇಕು. ತುಂಬಾ ಗಾಢ ಕಿತ್ತಳೆ ಆಗಿದ್ದರೆ ಮನೆಯಲ್ಲಿ ಒದ್ದಾಡಬೇಡಿ, ಮಾಡಿಸಿದ ಕಡೆಗೇ ಹೋಗಿ.

ಈಗ ಫೋಟೋ ವಿಷಯ. ನನಗೆ ಕಂಪ್ಯೂಟರ್ ಅಷ್ಟು ಗೊತ್ತಿಲ್ಲ, ಹದಿನಾಲ್ಕು ವರ್ಷದಿಂದ ಕೂದಲು ಕೆಲಸ. ಎಡಿಟ್ ಮಾಡಿದ ಬಾಲಯಾಜ್ ಕಣ್ಣಿಗೆ ಬಿದ್ದ ತಕ್ಷಣ ಗೊತ್ತಾಗುತ್ತೆ. ಯಾಕೆ ಅಂದರೆ ಎಲ್ಲಾ ಜೊಂಪೆಯಲ್ಲೂ ಬಣ್ಣ ಒಂದೇ ಎತ್ತರದಲ್ಲಿ ಶುರುವಾಗಿರುತ್ತೆ. ಅದು ಓಂಬ್ರೆ. ಓಂಬ್ರೆಯಲ್ಲಿ ಮೇಲೆ ಕಪ್ಪು, ಕೆಳಗೆ ತಿಳಿ, ಸುತ್ತಲೂ ಹಾಗೇ. ಬಾಲಯಾಜ್ ಅಂದರೆ ಫ್ರೆಂಚ್‌ನಲ್ಲಿ ಗುಡಿಸೋದು. ಬ್ರಷ್‌ನಲ್ಲಿ ಜೊಂಪೆಯ ಮೇಲ್ಮೈಯನ್ನ ಗುಡಿಸಿದ ಹಾಗೆ ಹಚ್ಚುತ್ತೇವೆ. ಮೇಲೆ ಮುಟ್ಟಿದೆಯೋ ಇಲ್ಲವೋ ಅನ್ನುವಷ್ಟು, ತುದಿಗೆ ಬರುತ್ತಾ ದಪ್ಪ. ಜೊಂಪೆಯ ಎರಡು ಅಂಚಿನಲ್ಲಿ ಬಣ್ಣ ಮೇಲಕ್ಕೆ ಹೋಗುತ್ತೆ, ನಡುವೆ ಕೆಳಗಿರುತ್ತೆ. ದೂರದಿಂದ ಇಂಗ್ಲಿಷಿನ ವಿ ಅಕ್ಷರದ ಹಾಗೆ ಕಾಣುತ್ತೆ. ಕತ್ತಿನ ಹತ್ತಿರದ ಒಳಪದರಕ್ಕೆ ಮುಟ್ಟೋದೇ ಇಲ್ಲ, ಅದು ಕಪ್ಪಾಗಿಯೇ ಇರಬೇಕು. ಮುಖದ ಪಕ್ಕದ ಎರಡು ಜೊಂಪೆ ಮಾತ್ರ ಗಲ್ಲದ ಹತ್ತಿರದಿಂದಲೇ ತಿಳಿಯಾಗಿರುತ್ತೆ.

ನೆರಳುಬೆಳಕು

ಕತ್ತರಿಕೈ ಮೇಡಂ ಹೇಳಿದ್ದನ್ನೇ ಮಾಸ್ಕ್‌ನಲ್ಲಿ ಬರೆಯಬೇಕು. ಅದಕ್ಕೆ ಮುಂಚೆ ಮಾಸಿದ ಕಂದು ಬಣ್ಣದ ಕಥೆ.

`Color` ಮೋಡ್ ಕೆಳಗಿನ ಚಿತ್ರದ ಬೆಳಕನ್ನು ಮುಟ್ಟಲ್ಲ, ಬಣ್ಣವನ್ನಷ್ಟೇ ಬದಲಿಸುತ್ತೆ. ಹೊಳಪು ಬಿಟ್ಟರೆ ಕಪ್ಪು ಕೂದಲಿನ ಬೆಳಕು ಸಾಮಾನ್ಯವಾಗಿ 255ರಲ್ಲಿ 15ರಿಂದ 45ರ ಒಳಗಿರುತ್ತೆ. 30 ಬೆಳಕಿನ ಕ್ಯಾರಮೆಲ್ ಅನ್ನೋದು ಲೋಕದಲ್ಲಿ ಇಲ್ಲ, ಅದು ಬರೀ ಗಾಢ ಕಂದು. ಸಲೂನ್‌ನಲ್ಲಿ ಮೊದಲು ಬ್ಲೀಚ್, ಆಮೇಲೆ ಟೋನರ್. ಇಲ್ಲೂ ಅದೇ ಕ್ರಮ. ಮೊದಲು ಕರ್ವ್ಸ್ ಲೇಯರ್‌ನಿಂದ ಬೆಳಕು ಎತ್ತಬೇಕು, ಅದರ ಮೇಲೆ ಬಣ್ಣ.

ಕರ್ವ್ಸ್‌ನಲ್ಲಿ ನಾನು ಶುರು ಮಾಡೋದು 35 ಇದ್ದದ್ದನ್ನ 90ಕ್ಕೆ, 180 ಇದ್ದದ್ದನ್ನ 200ಕ್ಕೆ ಎತ್ತಿ. ಸೊನ್ನೆಯನ್ನ ಸೊನ್ನೆಯಲ್ಲೇ ಬಿಡ್ತೀನಿ. ಎಳೆಗಳ ನಡುವಿನ ಸಂದು ಕಪ್ಪಾಗಿ ಉಳಿಯಬೇಕು, ಇಲ್ಲವಾದರೆ ಕೂದಲ ಮೇಲೆ ಮಂಜು ಕವಿದ ಹಾಗಾಗುತ್ತೆ.

ಒಂದು ಎಚ್ಚರಿಕೆ. ಆ ಕರ್ವ್ ಕೆಳಭಾಗದಲ್ಲಿ ತುಂಬಾ ಕಡಿದು. ಅಲ್ಲಿ ಬೆಳಕು ಎರಡೂವರೆ ಪಟ್ಟು ಎದ್ದರೆ ನಾಯ್ಸ್ ಕೂಡ ಅಷ್ಟೇ ಏಳುತ್ತೆ. ಫೋಟೋ ಜೆಪೆಗ್ ಆಗಿದ್ದರೆ ಕಪ್ಪಿನ ಒಳಗೆ ಅಡಗಿದ್ದ ಚೌಕಚೌಕ ಕಲೆಗಳೆಲ್ಲ ಹೊರಗೆ ಬರುತ್ತವೆ. ಕ್ಯಾಮೆರಾದ ರಾ ಫೈಲ್ ಇದೆಯಾ?

ಈಗ ಲೇಯರ್ ಜೋಡಣೆ. ಕರ್ವ್ಸ್ ಮತ್ತು ಬಣ್ಣದ ಲೇಯರ್ ಎರಡನ್ನೂ ಒಂದು ಗ್ರೂಪ್‌ನಲ್ಲಿ ಹಾಕಿ. ಇಡೀ ಕೂದಲಿನ ಹೊರರೇಖೆಯ ಮಾಸ್ಕ್ ಗ್ರೂಪ್‌ಗೆ ಇರಲಿ, ಅದನ್ನ ಒಂದೇ ಸಲ ಮಾಡಿದರೆ ಸಾಕು. ಬುಡ-ತುದಿಯ ಮಾಸ್ಕ್ ಒಳಗಿನ ಲೇಯರ್‌ಗಳಿಗೆ. ಎರಡು ಮಾಸ್ಕ್ ಸೇರಿ ಕೆಲಸ ಮಾಡುತ್ತವೆ. ಒಳಗೆ ನೀವು ಎಷ್ಟೇ ಒರಟಾಗಿ ಬಳಿದರೂ ಬಣ್ಣ ಕೆನ್ನೆಗೋ ಅಂಗಿಗೋ ಹೋಗಲ್ಲ. ಗ್ರೂಪ್ ಮೋಡ್ `Pass Through` ಆಗಿಯೇ ಇರಲಿ. `Normal` ಮಾಡಿದರೆ ಕರ್ವ್ಸ್ ಗ್ರೂಪಿನ ಹೊರಗಿನ ಫೋಟೋವನ್ನ ಮುಟ್ಟೋದೇ ಇಲ್ಲ. ನಾನೇ ಒಮ್ಮೆ ಅರ್ಧ ಗಂಟೆ ಯಾಕಪ್ಪಾ ಏನೂ ಆಗ್ತಿಲ್ಲ ಅಂತ ಕೂತಿದ್ದೆ.

ಪದರಪುಟ್ಟ

ರಾ ಫೈಲ್ ಇಲ್ಲ, ಜೆಪೆಗ್ ಒಂದೇ. ಬೆಳಕು ಎತ್ತಿದ ಮೇಲೆ ಕ್ಯಾರಮೆಲ್ ನಿಜವಾಗಿಯೂ ಕ್ಯಾರಮೆಲ್ ಆಯ್ತು! ಬಲಗಡೆ ನೆರಳಿನಲ್ಲಿ ನೀವು ಹೇಳಿದ ಚೌಕದ ಕಲೆ ಬಂದಿದೆ. ಅಲ್ಲಿ 90ರ ಬದಲು 65ಕ್ಕೇ ನಿಲ್ಲಿಸಿದೆ.

ಈಗ ದಿಕ್ಕಿನ ವಿಷಯ ಹೇಳಿ. ಒಂದೊಂದು ಎಳೆಗೂ ಗ್ರೇಡಿಯೆಂಟ್ ಎಳೆಯೋದಾ?

ನೆರಳುಬೆಳಕು

ಎಳೆಗೆ ಬೇಡ, ಜೊಂಪೆಗೆ. ನೀವು ವಿವರಿಸಿದ ಹಾಗೆ ನಿಮ್ಮ ಫೋಟೋದಲ್ಲಿ ಆರೇಳು ಜೊಂಪೆ ಇರಬಹುದು.

ಮೊದಲು ಕರ್ವ್ಸ್ ಲೇಯರ್‌ನ ಮಾಸ್ಕ್ ಪೂರ್ತಿ ಕಪ್ಪಾಗಿರಲಿ. ಲ್ಯಾಸೋದಲ್ಲಿ ಒಂದು ಜೊಂಪೆಯ ಸುತ್ತ ಹೋಗಿ. ಪಕ್ಕದ ಅಂಚು ಜೊಂಪೆಯ ಅಂಚಿನಲ್ಲೇ ಹೋಗಲಿ, ತುದಿಯ ಕಡೆ ಧಾರಾಳವಾಗಿ ಹೊರಗೆ ಬನ್ನಿ. ಫೆದರ್ ಸ್ವಲ್ಪ ಇರಲಿ. 4000 ಪಿಕ್ಸೆಲ್ ಎತ್ತರದ ಫೋಟೋಗೆ ನಾನು 10ರಿಂದ 15 ಇಡ್ತೀನಿ. ಆಮೇಲೆ ಮಾಸ್ಕ್‌ನ ಚೌಕವನ್ನ ಒತ್ತಿ, ಆ ಜೊಂಪೆ ಹೋಗುವ ದಿಕ್ಕಿನಲ್ಲೇ ಕಪ್ಪಿನಿಂದ ಬಿಳಿಗೆ ಗ್ರೇಡಿಯೆಂಟ್ ಎಳೆಯಿರಿ. ಮಾಸ್ಕ್ ಒತ್ತಲು ಮರೆತರೆ ಹೊಸ ಆವೃತ್ತಿಗಳಲ್ಲಿ ಬೇರೆಯೇ ಗ್ರೇಡಿಯೆಂಟ್ ಲೇಯರ್ ಹುಟ್ಟಿಕೊಳ್ಳುತ್ತೆ. ಗ್ರೇಡಿಯೆಂಟ್ ಟೂಲ್‌ನ ಮೋಡ್ `Lighten` ಇಟ್ಟುಕೊಳ್ಳಿ. ಆಗ ಎರಡನೇ ಜೊಂಪೆ ಮಾಡುವಾಗ ಮೊದಲನೆಯದರ ಅಂಚನ್ನ ಅದು ಅಳಿಸಲ್ಲ.

ಜೊಂಪೆಯ ಉದ್ದದಲ್ಲಿ ಎಲ್ಲಿ ಶುರು ಮಾಡ್ತೀರಿ ಅನ್ನೋದು ಪ್ರತಿ ಜೊಂಪೆಗೂ ಬೇರೆ ಇರಬೇಕು. ಒಂದು ಮೂರನೇ ಒಂದು ಭಾಗದಲ್ಲಿ, ಪಕ್ಕದ್ದು ಅರ್ಧ ದಾಟಿದ ಮೇಲೆ. ಮುಗಿಯೋದು ತುದಿಗಿಂತ ಸ್ವಲ್ಪ ಮುಂಚೆ, ತುದಿಯ ಕೊನೆಯ ಭಾಗ ಪೂರ್ತಿ ಬಿಳಿ ಇರಲಿ.

ನಿಮ್ಮ ಆ ತಿರುಗಿದ ಜೊಂಪೆಗೆ ಒಂದೇ ನೇರ ಗ್ರೇಡಿಯೆಂಟ್ ಸಾಲದು, ಎರಡು ಬೇಕು. ತಿರುವಿನಲ್ಲಿ ಅದನ್ನ ಎರಡು ತುಂಡು ಅಂತ ಎಣಿಸಿ, ಒಂದೊಂದು ತುಂಡಿಗೂ ಬೇರೆ ಲ್ಯಾಸೋ ಮಾಡಿ. ಕಿವಿಯಿಂದ ತಿರುವಿನವರೆಗೆ ಕಪ್ಪಿನಿಂದ ಮಧ್ಯಮ ಬೂದಿಗೆ, ಕೆಳಮುಖವಾಗಿ. ತಿರುವಿನಿಂದ ತುದಿಗೆ ಅದೇ ಬೂದಿಯಿಂದ ಬಿಳಿಗೆ, ಈ ಸಲ ಮೇಲ್ಮುಖವಾಗಿ. ಎರಡು ತುಂಡು ಸೇರುವ ಕಡೆ ಗೆರೆ ಕಾಣುತ್ತೆ. ಅದಕ್ಕೆ ಸ್ಮಡ್ಜ್ ಇದೆ.

ಸ್ಮಡ್ಜ್ ಟೂಲನ್ನ ಫೋಟೋ ಮೇಲಲ್ಲ, ಮಾಸ್ಕ್ ಮೇಲೆ ಬಳಸಬೇಕು. ಸ್ಟ್ರೆಂತ್ 70-75. ಬ್ರಷ್ ಒಂದು ಸಣ್ಣ ಎಳೆಗುಂಪಿನಷ್ಟು ಅಗಲ, 12ರಿಂದ 25 ಪಿಕ್ಸೆಲ್. ಬಿಳಿ ಇರುವಲ್ಲಿ ಒತ್ತಿ, ಎಳೆಯ ಮೇಲೇ ಬುಡದ ಕಡೆಗೆ ಎಳೆದು ಬಿಡಿ. ಬಿಳಿ ಬಣ್ಣ ಹೋಗ್ತಾ ಹೋಗ್ತಾ ತೆಳುವಾಗಿ ಕರಗುತ್ತೆ. ಅದೇ ಮೇಡಂ ಹೇಳಿದ ಗುಡಿಸೋದು, ಆದರೆ ಉಲ್ಟಾ. ಹೀಗೆ ಜೊಂಪೆಯ ಅಂಚಿನಲ್ಲಿ ಉದ್ದ, ನಡುವೆ ಗಿಡ್ಡ. ಆಮೇಲೆ ಕಪ್ಪಿನಿಂದ ತುದಿಯ ಕಡೆಗೆ ನಾಲ್ಕೈದು ಎಳೆತ. ಅಡ್ಡ ಮಾತ್ರ ಎಳೆಯಬೇಡಿ, ಒಂದೇ ಒಂದು ಸಲ ಅಡ್ಡ ಎಳೆದರೂ ಅಲ್ಲಿ ಕೊಳೆ ಮೆತ್ತಿದ ಹಾಗೆ ಕಾಣುತ್ತೆ.

ಸರಿಯಾಗಿದೆಯಾ ಅಂತ ನೋಡೋಕೆ Alt ಒತ್ತಿ ಮಾಸ್ಕ್ ಮೇಲೆ ಕ್ಲಿಕ್ ಮಾಡಿ. ಮಾಸ್ಕ್ ಒಂದೇ ಕಾಣುತ್ತೆ. ಫೋಟೋ ಇಲ್ಲದೆಯೂ ಅದು ಕೂದಲಿನ ಚಿತ್ರದ ಹಾಗೆ ಕಂಡರೆ ಸರಿ. ಮೋಡದ ಹಾಗೆ ಕಂಡರೆ ಇನ್ನೂ ಕೆಲಸ ಇದೆ.

ಮೂರಾಯಾಮ

ಬ್ಲೆಂಡರ್‌ನಲ್ಲಿ ಇಷ್ಟು ಪಾಡಿಲ್ಲ ನೋಡಿ 🙂 ಪ್ರತಿ ಕೂದಲಿಗೂ ಬುಡದಲ್ಲಿ 0, ತುದಿಯಲ್ಲಿ 1 ಅನ್ನೋ ಅಳತೆ ಅದರಲ್ಲೇ ಇರುತ್ತೆ. ಶೇಡರ್‌ನಲ್ಲಿ `Intercept` ಅಂತ ಸಿಗುತ್ತೆ. ಹಳೆಯದರಲ್ಲಿ ಆ ನೋಡ್ ಹೆಸರು `Hair Info`, ಈಗ `Curves Info`. ಅದನ್ನ `Color Ramp`ಗೆ ಕೊಟ್ಟರೆ ಓಂಬ್ರೆ ಸಿದ್ಧ. ಕೂದಲು ಎತ್ತ ತಿರುಗಿದರೂ ಬಣ್ಣ ಅದರ ಜೊತೆಗೇ ಹೋಗುತ್ತೆ. ಶುರುವಿನ ಜಾಗ ಏರುಪೇರು ಆಗಬೇಕು ಅಂದರೆ ಅದೇ ನೋಡ್‌ನ `Random` ಸೇರಿಸಿದರಾಯ್ತು:

```
t = Intercept + (Random - 0.5) * 0.25
```

ನೆರಳುಬೆಳಕು

ನೀವು ಪುಣ್ಯವಂತರು. ನಾವು ಫೋಟೋದಲ್ಲಿ ಕೈಯಲ್ಲಿ ಕಟ್ಟುತ್ತಿರೋದು ಅದೇ ಸೊನ್ನೆಯಿಂದ ಒಂದರ ಅಳತೆಯನ್ನ. ಆದರೆ ಆ `Random` ಒಂದೊಂದು ಕೂದಲಿಗೂ ಬೇರೆ ಅಲ್ವಾ? ಹತ್ತಿರದಿಂದ ನೋಡಿದರೆ ಎಳ್ಳು ಚೆಲ್ಲಿದ ಹಾಗೆ ಕಾಣಲ್ವಾ?

ಮೂರಾಯಾಮ

ಕಾಣುತ್ತೆ, ಒಪ್ಪಿಕೊಂಡೆ. ಜೊಂಪೆಗೆ ಒಂದು ಬೆಲೆ ಕೊಟ್ಟು, ಅದರೊಳಗೆ ಕೂದಲಿಗೆ ಚೂರು ವ್ಯತ್ಯಾಸ ಕೊಡಬೇಕು. ಇನ್ನೊಂದು ಗೊಡವೆ ಇದೆ. ಆ ಅಳತೆ ಪ್ರತಿ ಕೂದಲಿನ ಸ್ವಂತ ಉದ್ದಕ್ಕೆ. ಹಣೆಯ ಮೇಲಿನ ಗಿಡ್ಡ ಮುಂಗುರುಳಿನ ತುದಿಯೂ 1 ಆಗಿ, ಅಲ್ಲೂ ಪೂರ್ತಿ ತಿಳಿ ಬಣ್ಣ ಬರುತ್ತೆ. ಒಂದು ಪಾತ್ರಕ್ಕೆ ಹೀಗಾಗಿ ಹುಬ್ಬಿನ ಮೇಲೆ ಚಿನ್ನದ ಝಾಲರಿ ಕಟ್ಟಿದ ಹಾಗಾಗಿತ್ತು.

ಬಿಡಿಎಳೆ

ನಾನು ಗಿಂಪ್ ಬಳಸೋದು, ಲಿನಕ್ಸ್‌ನಲ್ಲಿ. ಹೊಂದಾಣಿಕೆ ಲೇಯರ್ ನನ್ನ ಆವೃತ್ತಿಯಲ್ಲಿಲ್ಲ. ಇದೆಲ್ಲ ಆಗುತ್ತಾ? Alt ಒತ್ತಿ ಮಾಸ್ಕ್ ನೋಡಿ ಅಂದಿರಿ, ನನಗೆ ಕಿಟಕಿಯೇ ಜರುಗಿ ಹೋಗುತ್ತೆ.

ನೆರಳುಬೆಳಕು

ಆಗುತ್ತೆ. ಫೋಟೋ ಲೇಯರ್‌ನ ನಕಲು ತೆಗೆದು, ಆ ನಕಲಿಗೇ ಕರ್ವ್ಸ್ ಹಾಕಿ, ಅದಕ್ಕೆ ಕಪ್ಪು ಮಾಸ್ಕ್ ಕೊಡಿ. ಮಿಕ್ಕದ್ದೆಲ್ಲ ಹಾಗೇ, ಗ್ರೇಡಿಯೆಂಟೂ ಸ್ಮಡ್ಜೂ ಮಾಸ್ಕ್ ಮೇಲೆ ಕೆಲಸ ಮಾಡುತ್ತವೆ. ನಂತರ ಕರ್ವ್ ಬದಲಿಸೋಕೆ ಆಗಲ್ಲ ಅನ್ನೋದೊಂದೇ ಕಷ್ಟ. Alt ಕೀಲಿಯನ್ನ ನಿಮ್ಮ ಡೆಸ್ಕ್‌ಟಾಪೇ ಹಿಡಿದುಕೊಳ್ಳುತ್ತಿದೆ. ಲೇಯರ್ ಮೇಲೆ ಬಲ ಕ್ಲಿಕ್ ಮಾಡಿದರೆ `Show Layer Mask` ಸಿಗುತ್ತೆ.

ಪದರಪುಟ್ಟ

ಎರಡು ದಿನ ಆದ ಮೇಲೆ ಬಂದೆ. ಆದದ್ದು ಹೇಳ್ತೀನಿ.

ಏಳು ಜೊಂಪೆ ಸಿಕ್ಕಿತು. ಎಡಗಡೆ ನಾಲ್ಕು, ಬಲಗಡೆ ಎರಡು, ಕತ್ತಿನ ಪಕ್ಕ ಒಳಗೆ ಒಂದು. ಒಳಗಿನದನ್ನ ಮೇಡಂ ಹೇಳಿದ ಹಾಗೆ ಮುಟ್ಟಲಿಲ್ಲ. ಅದೊಂದರಿಂದಲೇ ಫೋಟೋಗೆ ಆಳ ಬಂದುಬಿಟ್ಟಿತು, ನಂಬೋಕಾಗಲಿಲ್ಲ. ಮುಖದ ಪಕ್ಕದ ಜೊಂಪೆ ಗಲ್ಲದಿಂದ ಶುರು. ಮಿಕ್ಕವು ಅರ್ಧದಿಂದ ಮುಕ್ಕಾಲಿನ ನಡುವೆ ಹಿಂದೆ ಮುಂದೆ. ತಿರುಗಿದ ಜೊಂಪೆಗೆ ಎರಡು ಗ್ರೇಡಿಯೆಂಟ್ ಹಾಕಿದೆ, ತುದಿ ಈಗ ತಿಳಿಯಾಗಿದೆ.

ಆದರೆ ಸ್ಮಡ್ಜ್ ಕೈಕೊಟ್ಟಿತು. ಕೂದಲಿಗೆ ಬೆಂಕಿ ಹತ್ತಿದ ಹಾಗೆ ನಾಲಿಗೆ ನಾಲಿಗೆಯಾಗಿ ಬಂದಿದೆ. ನನ್ನ ಹತ್ತಿರ ಪೆನ್ ಟ್ಯಾಬ್ಲೆಟ್ ಇಲ್ಲ, ಮೌಸ್ ಮಾತ್ರ.

ಹಳೇಮೌಸ್

ಬ್ರಷ್ ದೊಡ್ಡದಾಗಿರಬೇಕು. ಎಷ್ಟಿದೆ?

ಪದರಪುಟ್ಟ

60. ಬೇಗ ಮುಗಿಯಲಿ ಅಂತ 😬

ಹಳೇಮೌಸ್

ಅಲ್ಲೇ ಇದೆ ನೋಡಿ. 15ಕ್ಕೆ ಇಳಿಸಿ. ಮೌಸ್‌ನವರಿಗೆ ಇನ್ನೊಂದು ದಾರಿ ಇದೆ, ಇದು ನನ್ನ ಸ್ವಂತ ಏರಿಯಾ. ಪೆನ್ ಟೂಲ್‌ನಲ್ಲಿ ಎಳೆಯ ಮೇಲೆ ಒಂದು ಪಾತ್ ಎಳೆಯಿರಿ, ಮೂರು ಚುಕ್ಕಿ ಸಾಕು. ಬ್ರಷ್ 6 ಪಿಕ್ಸೆಲ್, ಬಿಳಿ ಬಣ್ಣ, ಫ್ಲೋ 30. ಬ್ರಷ್ ಸೆಟ್ಟಿಂಗ್‌ನ `Shape Dynamics`ನಲ್ಲಿ ಸೈಜ್ ಕಂಟ್ರೋಲ್ `Pen Pressure` ಇರಬೇಕು. ಮಾಸ್ಕ್ ಒತ್ತಿಕೊಂಡು `Stroke Path`, ಅದರಲ್ಲಿ `Simulate Pressure`ಗೆ ಟಿಕ್. ಟ್ಯಾಬ್ಲೆಟ್‌ನಲ್ಲಿ ಎಳೆದ ಹಾಗೆ ಚೂಪಾದ ಗೆರೆ ಬರುತ್ತೆ.

ಇದರಲ್ಲಿ ಒಂದು ಮೋಸ ಇದೆ. ಗೆರೆ ಎರಡೂ ತುದಿಯಲ್ಲಿ ಸಣ್ಣಗಾಗುತ್ತೆ. ನಮಗೆ ಬೇಕಾದದ್ದು ಬುಡದ ಕಡೆ ಸಣ್ಣ, ತುದಿಯ ಕಡೆ ದಪ್ಪ. ಅದಕ್ಕೆ ಪಾತನ್ನ ಕೂದಲಿನ ತುದಿ ದಾಟಿಸಿ ಅಷ್ಟೇ ಉದ್ದ ಹೊರಗೆ ಬಿಡ್ತೀನಿ. ಹೊರಗೆ ಹೋದದ್ದನ್ನ ಗ್ರೂಪ್ ಮಾಸ್ಕ್ ಕತ್ತರಿಸಿ ಹಾಕುತ್ತೆ.

ನೆರಳುಬೆಳಕು

ಹಳೇಮೌಸ್ ಸರ್, ಕೈ ಮುಗಿದೆ. ಹೊರಗೆ ಬಿಡೋದು ನನಗೆ ಹೊಳೆದಿರಲಿಲ್ಲ. ಗ್ರೂಪ್ ಮಾಸ್ಕ್ ಸರಿಯಾಗಿದ್ದರೆ ಚೆಂದ. ತುದಿಯ ಹತ್ತಿರ ಅದು ಒರಟಾಗಿದ್ದರೆ ಹಿನ್ನೆಲೆಯಲ್ಲಿ ತಿಳಿ ಚುಕ್ಕಿ ಕಾಣುತ್ತೆ, ಅದೊಂದು ನೋಡಿಕೊಳ್ಳಬೇಕು.

ಕತ್ತರಿಕೈ

ಪದರಪುಟ್ಟ, ಎಲ್ಲ ಸರಿ, ನಡುವಿನ ಬಣ್ಣ ಏನು ಹಾಕಿದ್ದೀರಿ? ಕಪ್ಪಿನಿಂದ ನೇರ ಕ್ಯಾರಮೆಲ್‌ಗೆ ಹೋಗಿದ್ದರೆ ಸುಳ್ಳು ಅನ್ನಿಸುತ್ತೆ. ಕಪ್ಪು ಕೂದಲಿಗೆ ಬ್ಲೀಚ್ ಹಚ್ಚಿದರೆ ಮೊದಲು ಕೆಂಪು ಕಂದು, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ಎಲ್ಲರ ಕೂದಲೂ ಆ ದಾರಿಯಲ್ಲೇ ಹೋಗೋದು. ಸೇರುವ ಜಾಗದಲ್ಲಿ ಕಡಿಮೆ ಹಚ್ಚಿರ್ತೀವಿ, ಕೂದಲು ಅರ್ಧ ದಾರಿಯಲ್ಲಿ ನಿಂತಿರುತ್ತೆ. ಹಾಗಾಗಿ ಅಲ್ಲಿ ಬೆಚ್ಚಗಿನ ಕೆಂಪು ಕಂದು ಇರಲೇಬೇಕು.

ಪದರಪುಟ್ಟ

ನೇರವಾಗಿಯೇ ಹೋಗಿದ್ದೆ. ಈಗ ಎರಡು ಬಣ್ಣದ ಲೇಯರ್ ಮಾಡಿದೆ, ಎರಡೂ `Color` ಮೋಡ್. ಕೆಳಗಿನದು ತಾಮ್ರದ ಕಂದು `#8A4B2A`, ಮೇಲಿನದು ಕ್ಯಾರಮೆಲ್ `#C89A63`. ಕರ್ವ್ಸ್‌ನ ಮಾಸ್ಕನ್ನೇ Alt ಒತ್ತಿ ಎಳೆದು ಎರಡಕ್ಕೂ ನಕಲು ಮಾಡಿದೆ. ಕ್ಯಾರಮೆಲ್‌ನ ಮಾಸ್ಕ್‌ಗೆ ಲೆವೆಲ್ಸ್ ಹಾಕಿ ಕಪ್ಪಿನ ತುದಿಯನ್ನ ಒಳಕ್ಕೆ ತಂದೆ, ಹಾಗಾಗಿ ಕ್ಯಾರಮೆಲ್ ತಡವಾಗಿ ಶುರುವಾಗುತ್ತೆ. ಅದರ ಮೇಲ್ಗಡೆ ತಾಮ್ರ ಇಣುಕುತ್ತಿದೆ. ಸ್ಮಡ್ಜ್ ಮಾಡಿದ ಎಳೆಗಳು ಎರಡರಲ್ಲೂ ಒಂದೇ ಜಾಗದಲ್ಲಿರೋದರಿಂದ ಚೆನ್ನಾಗಿ ಕೂತಿತು.

ನೆರಳುಬೆಳಕು

ಲೆವೆಲ್ಸ್ ಒಳ್ಳೆಯ ಉಪಾಯ. ನಾನಾದರೆ ತಾಮ್ರದ ಮಾಸ್ಕನ್ನ ಬೆಳಕಿನ ಮಾಸ್ಕ್‌ಗಿಂತ ಸ್ವಲ್ಪ ಮೇಲಕ್ಕೆ, ಕಪ್ಪು ಕೂದಲಿನ ಒಳಕ್ಕೂ ಹತ್ತಿಸ್ತೀನಿ. ಸೇರುವೆ ಇನ್ನೂ ಮೆತ್ತಗಾಗುತ್ತೆ.

ಕತ್ತರಿಕೈ

ನಾನು ಒಪ್ಪಲ್ಲ. ಬ್ಲೀಚ್ ಮುಟ್ಟದ ಕಡೆ ಕೆಂಪು ಎಲ್ಲಿಂದ ಬರುತ್ತೆ? ಬೆಳಕು ಶುರುವಾದ ಕಡೆಯೇ ಕೆಂಪೂ ಶುರು. ಮೇಲೆ ಹತ್ತಿಸಿದರೆ ಮೆಹಂದಿ ಹಾಕಿದ ತಲೆಯ ಹಾಗೆ ಕಾಣುತ್ತೆ.

ನೆರಳುಬೆಳಕು

ತಲೆಯ ಮೇಲೆ ನೀವು ಹೇಳಿದ್ದು ಸರಿ ಮೇಡಂ. ಫೋಟೋದಲ್ಲಿ ಕಪ್ಪು ಕೂದಲ ಬೆಳಕು 20 ಇರುವಾಗ ಆ ತಾಮ್ರ ಕಣ್ಣಿಗೆ ಬರೀ ಬೆಚ್ಚಗೆ ಅನ್ನಿಸುತ್ತೆ ಅಷ್ಟೇ, ಕೆಂಪಾಗಿ ಕಾಣಲ್ಲ. ಆದರೆ ಅಲ್ಲಿ ಬಿಸಿಲಿನ ಹೊಳಪು ಬಿದ್ದಿದ್ದರೆ ನೀವೇ ಗೆಲ್ತೀರಿ, ಹೊಳಪು ಕೆಂಪಾಗಿಬಿಡುತ್ತೆ.

ಕತ್ತರಿಕೈ

ಹೊಳಪು ಇಲ್ಲದ ಕೂದಲಿಗೆ ನಾನು ಕೆಲಸವೇ ಮಾಡಿಲ್ಲ 🙂

ಸುರುಳಿ

ಎಲ್ಲಾ ಓದಿದೆ. ನನ್ನ ಕೂದಲು ಸ್ಪ್ರಿಂಗ್ ಥರ ಬಿಗಿ ಗುಂಗುರು. ನನ್ನ ಫೋಟೋದಲ್ಲಿ ಒಂದು ಜೊಂಪೆ ಹತ್ತು ಸಲ ಸುತ್ತುತ್ತೆ. ಹತ್ತು ಗ್ರೇಡಿಯೆಂಟ್ ಎಳೆಯಬೇಕಾ?

ನೆರಳುಬೆಳಕು

ಬಿಗಿ ಗುಂಗುರಿಗೆ ಈ ವಿಧಾನ ನನಗೆ ಕೂತಿಲ್ಲ. ಒಂದೊಂದು ಸುತ್ತಿನಲ್ಲೂ ಎಳೆಯ ದಿಕ್ಕು ತಿರುಗುತ್ತೆ, ಅರ್ಧ ಸುತ್ತು ಹಿಂದೆ ಅಡಗಿರುತ್ತೆ. ನಾನು ಅಲ್ಲಿ ಎಳೆ ಬಿಟ್ಟು ಇಡೀ ಸುರುಳಿಯನ್ನ ಒಂದು ದಪ್ಪ ಹಗ್ಗ ಅಂದುಕೊಂಡು, ಹಗ್ಗದ ಉದ್ದಕ್ಕೆ ಗ್ರೇಡಿಯೆಂಟ್ ಎಳೀತೀನಿ. ಆಮೇಲೆ ಸುತ್ತಿನ ಹೊರಮೈಗೆ ಮಾತ್ರ ಸಣ್ಣ ಬ್ರಷ್‌ನಲ್ಲಿ ಬಿಳಿ. ದೂರದಿಂದ ಪರವಾಗಿಲ್ಲ, ಹತ್ತಿರದಿಂದ ಸಿಕ್ಕಿಬೀಳ್ತೀನಿ. ಬೇರೆ ಯಾರಾದರೂ ಚೆನ್ನಾಗಿ ಮಾಡಿದ್ದರೆ ಹೇಳಿ.

ಕತ್ತರಿಕೈ

ನಾವೂ ಗುಂಗುರಿಗೆ ಹಾಗೇ ಮಾಡೋದು. ಸುರುಳಿಯ ಹೊರಮೈ ಎಲ್ಲಿ ಬೆಳಕಿಗೆ ಬೀಳುತ್ತೋ ಅಲ್ಲಿ ಹಚ್ಚುತ್ತೇವೆ. ಒಳಮೈ ಕಪ್ಪಿರಲಿ.

ಪದರಪುಟ್ಟ

ಕೊನೆಯದೊಂದು ಉಳಿದಿದೆ. ಎಡಗಡೆ ಎರಡನೇ ಜೊಂಪೆಯು ಮೂರನೆಯದರ ಮೇಲೆ ಅಡ್ಡ ಹಾದು ಹೋಗಿದೆ. ಎರಡನೆಯದು ಅಲ್ಲಿ ಇನ್ನೂ ಕಪ್ಪು, ಮೂರನೆಯದು ಅಲ್ಲಿ ಆಗಲೇ ತಿಳಿ. ಎರಡೂ ಒಂದೇ ಮಾಸ್ಕ್‌ನಲ್ಲಿ ಇರೋದರಿಂದ ದಾಟುವ ಜಾಗದಲ್ಲಿ ಬೂದು ಮಸಿ ಆಗಿದೆ. `Lighten` ಇಟ್ಟಿದ್ದೆ. ಮೂರನೆಯದರ ಬಿಳಿ ಎರಡನೆಯದರ ಮೇಲೆ ಹತ್ತಿದೆ.

ನೆರಳುಬೆಳಕು

ಹೌದು, `Lighten` ಅಲ್ಲಿ ಶತ್ರು. ಮೇಲೆ ಯಾರಿದ್ದಾರೆ ಅಂತ ಅದಕ್ಕೆ ಗೊತ್ತಿಲ್ಲ, ಬಿಳಿ ಯಾರದ್ದೋ ಅವರೇ ಗೆಲ್ತಾರೆ. ದಾಟುವ ಜಾಗದಲ್ಲಿ ಎರಡನೇ ಜೊಂಪೆಯನ್ನ ಮತ್ತೆ ಲ್ಯಾಸೋ ಮಾಡಿ, ಫೆದರ್ 2 ಅಥವಾ 3 ಮಾತ್ರ. ಮೇಲಿನ ಜೊಂಪೆಯ ಅಂಚು ಅಲ್ಲಿ ಚೂಪಾಗಿಯೇ ಕಾಣಬೇಕು. ಗ್ರೇಡಿಯೆಂಟ್ ಮೋಡ್ `Normal`ಗೆ ತಂದು, ಆ ಆಯ್ಕೆಯೊಳಗೆ ಎರಡನೆಯದರ ಗ್ರೇಡಿಯೆಂಟನ್ನ ಮತ್ತೆ ಎಳೆಯಿರಿ. ಆಗ ಅದು ಕೆಳಗಿನದನ್ನ ಮುಚ್ಚುತ್ತೆ. ಮೂರೂ ಮಾಸ್ಕ್‌ಗೆ ಮಾಡಬೇಕು. ಕ್ಯಾರಮೆಲ್‌ನದರಲ್ಲಿ ಅದೇ ಲೆವೆಲ್ಸ್ ಮತ್ತೆ ಕೊಡಿ, ಆದರೆ ಆ ಆಯ್ಕೆಯೊಳಗೆ ಮಾತ್ರ. ಅದಕ್ಕೆ ಆಯ್ಕೆಯನ್ನ ಉಳಿಸಿಟ್ಟುಕೊಳ್ಳಿ.

ಎರಡಕ್ಕಿಂತ ಜಾಸ್ತಿ ಕಡೆ ಹೀಗೆ ದಾಟುತ್ತಿದ್ದರೆ ನಾನು ಮೇಲಿನ ಜೊಂಪೆಗಳಿಗೆ ಒಂದು ಗ್ರೂಪ್, ಕೆಳಗಿನವಕ್ಕೆ ಇನ್ನೊಂದು ಗ್ರೂಪ್ ಮಾಡ್ತೀನಿ.

ಪದರಪುಟ್ಟ

ಆಯ್ತು, ಮಸಿ ಹೋಯ್ತು. ಈಗ ಎರಡನೆಯದು ಮೂರನೆಯದರ ಮೇಲೆ ಬೀಳಿಸಬೇಕಾದ ಸಣ್ಣ ನೆರಳು ಕಾಣ್ತಿಲ್ಲ. ಕರ್ವ್ಸ್ ಅದನ್ನೂ ಎತ್ತಿಬಿಟ್ಟಿದೆ. ಅಂಚಿನ ಪಕ್ಕದಲ್ಲೇ ಮಾಸ್ಕ್‌ಗೆ ಸ್ವಲ್ಪ ಕಪ್ಪು ಬಳಿದೆ, ಫ್ಲೋ 8ರಲ್ಲಿ ಎರಡು ಸಲ. ನೆರಳು ವಾಪಸ್ ಬಂತು. ನಾಳೆ ಬೆಳಗ್ಗೆ ಕನ್ನಡಿಯಲ್ಲಿ ತಿರುಗಿಸಿದ ಹಾಗೆ ಫೋಟೋ ತಿರುಗಿಸಿ ಇನ್ನೊಮ್ಮೆ ನೋಡ್ತೀನಿ.

ಹೆರಳು

ನೀಲಿ ಶಾಂಪೂ ತಂದೆ. ಎಷ್ಟು ನಿಮಿಷ ಬಿಡಬೇಕು?

ಕತ್ತರಿಕೈ

ಬಾಟಲಿ ಮೇಲೆ ಬರೆದಿರೋಷ್ಟೇ. ಮೊದಲು ಒಳಗಿನ ಒಂದು ಸಣ್ಣ ಜೊಂಪೆಗೆ ಹಾಕಿ ನೋಡಿ, ಆಮೇಲೆ ಮಿಕ್ಕದ್ದು.